ಮೇಡಂ, ಬೆಳಿಗ್ಗೆ ಎಂಟರೊಳಗೆ ಬಂದರೆ ಒಳ್ಳೇದು

ನಮಸ್ಕಾರ ಮೇಡಂ. ಆಕಳಿಗೆ ಏನಾಗಿದೆ, ಹೊಲಕ್ಕೆ ದಾರಿ ಯಾವುದು, ಯಾವ ಹೊತ್ತಿಗೆ ಬರಲಿ ಅಂತ ಕೇಳಿದ್ರಿ. ನೀವು ಹಾಸನದ ಕಡೆಯವರು, ನಮ್ಮ ಸಿರುಗುಪ್ಪ ಹೊಸದು, ಅದಕ್ಕೆ ಸ್ವಲ್ಪ ಉದ್ದ ಬರೀತಿದ್ದೀನಿ.

ಜರ್ಸಿ ಆಕಳು, ಕರು ಹಾಕಿ ನಲವತ್ತು ದಿನ. ಭಾನುವಾರ ಸಂಜೆ ಮೇವು ಬಿಟ್ಟಿತು. ಇವತ್ತು ಬೆಳಿಗ್ಗೆ ಆರಕ್ಕೆ ಥರ್ಮಾಮೀಟರ್ ಇಟ್ಟೆ, 105.2 ಇತ್ತು. ಎಂಟು ಲೀಟರ್ ಹಾಲು ಎರಡಕ್ಕೆ ಇಳಿದಿದೆ, ಮೆಲುಕು ಹಾಕುತ್ತಿಲ್ಲ. ಭುಜದ ಮುಂದೆ ಕೈ ಆಡಿಸಿದರೆ ಎರಡೂ ಕಡೆ ನಿಂಬೆಹಣ್ಣಿನಷ್ಟು ಗಡ್ಡೆ ಸಿಗುತ್ತದೆ. ಕಣ್ಣಿನ ರೆಪ್ಪೆ ಎಳೆದು ನೋಡಿದೆ, ಒಳಗೆ ಬಿಳಿಚಿದೆ. ಬಾಲದ ಬುಡದಲ್ಲಿ, ಕಿವಿಯೊಳಗೆ ಉಣ್ಣಿ ಇದೆ. ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿಲ್ಲ, ಹಳದಿಯಾಗೇ ಇದೆ. ಪಕ್ಕದ ಕರುವಿಗೂ ಇವತ್ತು ಮೈ ಬಿಸಿ ಅನಿಸುತ್ತಿದೆ. ಜವಾರಿ ಎತ್ತುಗಳು ಮಾತ್ರ ಆರಾಮಾಗಿವೆ.

ಇಂಜೆಕ್ಷನ್ ಏನೂ ಹಾಕಿಸಿಲ್ಲ. ಹೋದ ವರ್ಷ ಇದೇ ಥರ ಇನ್ನೊಂದಕ್ಕೆ ಬಂದಾಗ ಯಾರೋ ಬಂದು ಜ್ವರದ ಇಂಜೆಕ್ಷನ್ ಕೊಟ್ಟರು. ಅರ್ಧ ದಿನ ಇಳಿಯಿತು, ಮತ್ತೆ ಏರಿತು. ಇಳಿದಾಗ ಹುಷಾರಾಯ್ತು ಅಂತ ನಾವೂ ನಂಬಿಬಿಟ್ಟೆವು, ರಕ್ತ ನೋಡಿಸಲೇ ಇಲ್ಲ. ಐದನೇ ದಿನ ಸತ್ತಿತು. ಅದಕ್ಕೇ ಈ ಸಲ ಗಾಜಿನ ಸ್ಲೈಡ್ ತನ್ನಿ ಮೇಡಂ, ಜ್ವರ ಇರುವಾಗಲೇ ಕಿವಿಯಿಂದ ರಕ್ತ ತೆಗೆದು ನೋಡಿ. ನನಗೆ ಉಣ್ಣಿಯಿಂದ ಬರುವ ಥೈಲೇರಿಯಾ ಅಂತ ಅನುಮಾನ. ಆದರೆ ನಾನು ಡಾಕ್ಟರ್ ಅಲ್ಲವಲ್ಲ.

ಈ ಆಕಳನ್ನು ಕೊಂಡದ್ದು ಗಡಿಯಾಚೆ ಆಂಧ್ರದ ಆದೋನಿ ಕಡೆಯಿಂದ. ಕಿವಿ ಓಲೆಯ 12 ಅಂಕಿಯ ಫೋಟೋ ಕಳಿಸಿದ್ದೀನಿ, ಲಸಿಕೆ ಲೆಕ್ಕ ಅದರಲ್ಲಿ ಸಿಗುತ್ತೋ ನೋಡಿ. ಇಲ್ಲಿ ಬೀಗರು, ಸಂತೆ, ದನ ಎಲ್ಲಾ ಎರಡೂ ಕಡೆಗೆ ಓಡಾಡುತ್ತವೆ, ಉಣ್ಣಿಯೂ ಹಾಗೇ.

ದಾರಿ ಹೇಳ್ತೀನಿ. ಸಿರುಗುಪ್ಪದಿಂದ ಆದೋನಿ ರಸ್ತೆ ಹಿಡಿಯಿರಿ. ಅಂಗಡಿ ಮೇಲೆ ತೆಲುಗು ಬೋರ್ಡು ಕಂಡ ಮಾತ್ರಕ್ಕೆ ಆಂಧ್ರ ಬಂತು ಅಂದ್ಕೋಬೇಡಿ, ಈ ಕಡೆಯೂ ಹಾಗೇ ಇರುತ್ತೆ. ನಮ್ಮ ಊರು ದಾಟಿದ ಮೇಲೆ ಮುಚ್ಚಿರುವ ರೈಸ್ ಮಿಲ್ಲು ಬರುತ್ತದೆ. ಅದರ ಪಕ್ಕದಲ್ಲಿ ಬಲಕ್ಕೆ ತಿರುಗಿ, ಎರಡನೇ ತೂಬಿನ ಹತ್ತಿರ ದೊಡ್ಡ ಬೇವಿನ ಮರ, ಅಲ್ಲೇ ನಮ್ಮ ಕೊಟ್ಟಿಗೆ. ಫೋನಿನ ಮ್ಯಾಪು ಕಾಲುವೆ ದಂಡೆ ಮೇಲೆ ಹೋಗು ಅನ್ನುತ್ತೆ, ಕೇಳಬೇಡಿ, ಅಲ್ಲಿ ಜೀಪು ತಿರುಗಿಸೋಕೂ ಜಾಗವಿಲ್ಲ. ರಾತ್ರಿ ಮಳೆ ಬಂದರೆ ಗಾಡಿ ಡಾಂಬರು ರಸ್ತೆಯಲ್ಲೇ ನಿಲ್ಲಿಸಿ ಫೋನ್ ಮಾಡಿ. ಎರೆ ಮಣ್ಣು ಒಮ್ಮೆ ಚಕ್ರಕ್ಕೆ ಹತ್ತಿದರೆ ಬಿಡಲ್ಲ. ಟ್ರ್ಯಾಕ್ಟರ್ ತಂದು ಕರ್ಕೊಂಡು ಹೋಗ್ತೀನಿ.

ಹೊತ್ತು ಅಂದರೆ ಬೆಳಿಗ್ಗೆ ಆರರಿಂದ ಎಂಟು. ಹಾಲು ಕರೆದು ಕಟ್ಟಿ ಹಾಕಿರುತ್ತೇನೆ, ಹಿಡಿಯೋಕೆ ನಾನೂ ನನ್ನ ತಮ್ಮನೂ ಇರ್ತೀವಿ. ಹತ್ತು ದಾಟಿದರೆ ಈ ಬಿಸಿಲಿಗೆ ಹುಷಾರಿರುವ ದನದ ಮೈಯೂ ಕಾದಿರುತ್ತೆ, ಎಷ್ಟು ಜ್ವರ ಎಷ್ಟು ಬಿಸಿಲು ಅಂತ ತಿಳಿಯಲ್ಲ. ಬೆಳಿಗ್ಗೆ ಆಗದಿದ್ದರೆ ಸಂಜೆ ಐದೂವರೆ ಮೇಲೆ ಬನ್ನಿ, ಲೈಟ್ ಹಾಕಿರ್ತೀನಿ. ನಾಳೆ ಎರಡೂ ಹೊತ್ತು ಆಗಲ್ಲ ಅಂದರೆ ಈಗಲೇ ಹೇಳಿಬಿಡಿ ಮೇಡಂ, 1962ಕ್ಕೆ ಫೋನ್ ಮಾಡಿ ದನದ ಆಸ್ಪತ್ರೆ ಗಾಡಿ ಕರೆಸ್ತೀನಿ.