ಋಣ ತೂಕ ಏಕೆ ಬರುತ್ತದೆ?

"ಎರಡು ಷೇರುಗಳ ವಿಚಲನೆ 20% ಮತ್ತು 10%, ಸಹಸಂಬಂಧ 0.8. ತೂಕಗಳ, ಅಂದರೆ ಹೂಡಿಕೆಯಲ್ಲಿ ಅವುಗಳ ಪಾಲುಗಳ, ಮೊತ್ತ 1 ಎಂಬ ನಿರ್ಬಂಧದಲ್ಲಿ ಅಪಾಯವನ್ನು ಕನಿಷ್ಠಗೊಳಿಸಿದರೆ ಮೊದಲನೆಯದಕ್ಕೆ −0.33 ಬರುತ್ತಿದೆ. ಲೆಕ್ಕ ತಪ್ಪೇ?"

ತಪ್ಪಿಲ್ಲ. ಬಜೆಟ್ ನಿರ್ಬಂಧವು ಮೊತ್ತವನ್ನಷ್ಟೇ ಹಿಡಿದಿಡುತ್ತದೆ, ಋಣ ತೂಕವನ್ನು ತಡೆಯುವುದಿಲ್ಲ. ಸಹಸಂಬಂಧವು ವಿಚಲನೆಗಳ ಅನುಪಾತವಾದ 0.5ನ್ನು ಮೀರಿದಾಗ, ಹೆಚ್ಚು ಏರಿಳಿತದ ಷೇರನ್ನು ಎರವಲು ಪಡೆದು ಮಾರುವುದರಿಂದ ಅಪಾಯ ಇಳಿಯುತ್ತದೆ. ನಿಮ್ಮ ಉತ್ತರದಲ್ಲಿ ಒಟ್ಟು ವಿಚಲನೆ ಸುಮಾರು 8.9% ಆಗಿ, ಎರಡನೆಯ ಷೇರೊಂದನ್ನೇ ಹಿಡಿದಾಗಿನ 10%ಕ್ಕಿಂತ ಕಡಿಮೆಯಾಗುತ್ತದೆ.

ಆದರೆ ಇಲ್ಲಿ ಪ್ರತಿಫಲ ಲೆಕ್ಕಕ್ಕೇ ಬಂದಿಲ್ಲ. ಅದೇ ನಿರ್ಬಂಧದಲ್ಲಿ ½wᵀΣw − λμᵀw ಎಂಬುದನ್ನು ಕನಿಷ್ಠಗೊಳಿಸಿ ನೋಡಿ; ಇಲ್ಲಿ w ಎಂದರೆ ತೂಕಗಳು, Σ ಎಂದರೆ ವಿಚಲನೆ ಮತ್ತು ಸಹಸಂಬಂಧಗಳಿಂದ ಬರುವ ಮಾತೃಕೆ, μ ಎಂದರೆ ನಿರೀಕ್ಷಿತ ಪ್ರತಿಫಲಗಳು, λ ಎಂದರೆ ಪ್ರತಿಫಲಕ್ಕೆ ಕೊಡುವ ಮಹತ್ವ. ಮೊದಲ ಷೇರಿನ ನಿರೀಕ್ಷಿತ ಪ್ರತಿಫಲ 4 ಶೇಕಡಾಂಶ ಹೆಚ್ಚಿದ್ದರೆ, λ 0.15ನ್ನು ದಾಟಿದೊಡನೆ ಅದರ ತೂಕ ಧನಾತ್ಮಕವಾಗುತ್ತದೆ. ಎರವಲು ಮಾರಾಟ ಸಾಧ್ಯವಿಲ್ಲದಿದ್ದರೆ w ≥ 0 ಸೇರಿಸಲೇಬೇಕು. ನಾನಂತೂ ಮೊದಲು ಆ 0.8ನ್ನೇ ಪರೀಕ್ಷಿಸುತ್ತೇನೆ, ಏಕೆಂದರೆ ಅದು 0.4 ಆಗಿದ್ದರೆ ಕನಿಷ್ಠ ಅಪಾಯದ ತೂಕ ಸುಮಾರು +0.06 ಆಗುತ್ತದೆ.