ಪಟ್ಟಿಯಲ್ಲಿದ್ದ ಹಾಡು ಜಾಹೀರಾತಿಗೆ ಏಕೆ ಸಲ್ಲದು?

ಸಂಪಾದಕರಿಗೆ ನಮಸ್ಕಾರ. ನಾನು ಬಟ್ಟೆಯ ಚೀಲಗಳನ್ನು ಹೊಲಿದು ಇನ್‌ಸ್ಟಾಗ್ರಾಮ್ ಮೂಲಕ ಮಾರುತ್ತೇನೆ. ಹೊಸ ಚೀಲದ ರೀಲ್‌ಗೆ ಆ್ಯಪ್‌ನ ಪಟ್ಟಿಯಲ್ಲೇ ಇದ್ದ ಸಿನಿಮಾ ಹಾಡೊಂದನ್ನು ಹಾಕಿದ್ದೆ. ಹದಿನೈದೇ ಸೆಕೆಂಡು, ಹಾಡಿನ ಹೆಸರನ್ನೂ ಬರೆದಿದ್ದೆ. ಹಣ ಕಟ್ಟಿ ಬೂಸ್ಟ್ ಮಾಡಲೆಂದು ವ್ಯಾಪಾರ ಖಾತೆಗೆ ಬದಲಾದೆ. ಹಾಡಿನ ಹಕ್ಕಿನ ಕಾರಣ ಆ ರೀಲ್ ಬೂಸ್ಟ್ ಆಗದು ಎಂಬ ಸೂಚನೆ ಬಂತು. ಪಟ್ಟಿಯಲ್ಲಿದ್ದ ಎಷ್ಟೋ ಹಾಡುಗಳೂ ಮಾಯವಾದವು. ಮತ್ತೆ ವೈಯಕ್ತಿಕ ಖಾತೆ ಮಾಡಿಕೋ ಎನ್ನುತ್ತಾಳೆ ಗೆಳತಿ. ನಾನು ಕದ್ದದ್ದೇನೂ ಇಲ್ಲ, ತಪ್ಪೆಲ್ಲಿ? ಫಾಂಟ್, ಚಿತ್ರಗಳಿಗೂ ಇದೇ ಕಟ್ಟುಪಾಡೇ?
– ಒಬ್ಬ ಓದುಗರು

ಸಂಪಾದಕರ ಉತ್ತರ:

ದಯವಿಟ್ಟು ಗೆಳತಿಯ ಸಲಹೆಯಂತೆ ನಡೆಯಬೇಡಿ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಖಾತೆ ಬದಲಿಸಿದರೆ ಪಟ್ಟಿಯಲ್ಲಿ ಕಾಣುವ ಹಾಡುಗಳು ಬದಲಾಗುತ್ತವೆಯೇ ಹೊರತು ನಿಮ್ಮ ರೀಲ್‌ನ ಉದ್ದೇಶ ಬದಲಾಗುವುದಿಲ್ಲ. ಚೀಲ ತೋರಿಸಿ, ಬೇಕಾದವರು ಸಂದೇಶ ಕಳುಹಿಸಿ ಎಂದು ಬರೆದ ಮೇಲೆ ಅದು ಯಾವ ಖಾತೆಯಲ್ಲಿದ್ದರೂ ಜಾಹೀರಾತೇ.

ಇನ್‌ಸ್ಟಾಗ್ರಾಮ್ ಆ ಹಾಡುಗಳನ್ನು ಸಂಗೀತ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡು ತಂದಿರುತ್ತದೆ. ಜನ ತಮ್ಮ ಪ್ರವಾಸದ, ಮಕ್ಕಳ, ಹುಟ್ಟುಹಬ್ಬದ ವಿಡಿಯೊಗಳಿಗೆ ಹಾಕಿಕೊಳ್ಳಲಿ ಎಂಬುದು ಆ ಒಪ್ಪಂದದ ಆಶಯ. ವಸ್ತು ಮಾರುವುದು ಅದರೊಳಗೆ ಬರುವುದಿಲ್ಲ. ವ್ಯಾಪಾರ ಖಾತೆಗೆ ಬದಲಾದೊಡನೆ ಹಾಡುಗಳು ಮಾಯವಾದದ್ದು ಇದಕ್ಕೇ. ಪಟ್ಟಿಯಲ್ಲಿ ಕಂಡದ್ದೆಲ್ಲ ಅನುಮತಿ ಎಂದು ತಿಳಿಯುವುದು ಸಣ್ಣ ವ್ಯಾಪಾರಿಗಳು ಎಲ್ಲಕ್ಕಿಂತ ಹೆಚ್ಚಾಗಿ ಮಾಡುವ ತಪ್ಪು. ಇದರಲ್ಲಿ ನಿಮ್ಮನ್ನು ದೂರಲು ನನಗೆ ಮನಸ್ಸಿಲ್ಲ, ಆ ಪಟ್ಟಿಯನ್ನು ನೋಡಿದ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ.

ಹದಿನೈದು ಸೆಕೆಂಡಿನ ಮಾತು. ಇಷ್ಟು ಸೆಕೆಂಡಿನೊಳಗಿದ್ದರೆ ತೊಂದರೆಯಿಲ್ಲ ಎಂಬ ನಿಯಮ ಎಲ್ಲೂ ಇಲ್ಲ; ಅದು ಬಾಯಿಂದ ಬಾಯಿಗೆ ಹಬ್ಬಿದ ನಂಬಿಕೆ. ಹಾಡಿನ ಹೆಸರು ಬರೆಯುವುದು ಸೌಜನ್ಯ, ಪರವಾನಗಿ ಅಲ್ಲ. ಹಾಗಾದರೆ ನಾನೇ ಹಾಡಿಬಿಡುತ್ತೇನೆ ಎನ್ನುವವರೂ ಇದ್ದಾರೆ. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿರುತ್ತವೆ: ಸಾಹಿತ್ಯ ಮತ್ತು ರಾಗಸಂಯೋಜನೆಯದು ಒಂದು, ಆ ಧ್ವನಿಮುದ್ರಣದ್ದು ಇನ್ನೊಂದು. ನೀವೇ ಹಾಡಿದರೆ ಎರಡನೆಯದರ ಗೊಡವೆ ತಪ್ಪುತ್ತದೆ, ಮೊದಲನೆಯದು ಹಾಗೆಯೇ ಉಳಿಯುತ್ತದೆ.

ಈಗ ನಿಮ್ಮ ರೀಲ್‌ಗೆ ಬರೋಣ. ಇನ್‌ಸ್ಟಾಗ್ರಾಮ್‌ನ ಒಡೆತನದ ಮೆಟಾ ಕಂಪನಿಯೇ ‘ಸೌಂಡ್ ಕಲೆಕ್ಷನ್’ ಎಂಬ ಸಂಗ್ರಹ ಇಟ್ಟಿದೆ. ಅಲ್ಲಿನ ಸಂಗೀತವನ್ನು ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗಳಲ್ಲಿ ವ್ಯಾಪಾರದ ಪೋಸ್ಟ್‌ಗೂ ಬಳಸಬಹುದು. ನಿಮ್ಮ ಕೆಲಸಕ್ಕೆ ಇದು ಸಾಕು. ಆದರೆ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ರೀಲ್ ಚೆನ್ನಾಗಿ ಬಂತೆಂದು ಅದೇ ವಿಡಿಯೊವನ್ನು ಯೂಟ್ಯೂಬ್‌ಗೂ ಸ್ವಂತ ಜಾಲತಾಣಕ್ಕೂ ಹಾಕುತ್ತೇವೆ. ಆ ಅನುಮತಿ ಅಲ್ಲಿಯವರೆಗೆ ನಡೆದು ಬರುವುದಿಲ್ಲ. ಹಲವು ಕಡೆ ಹಾಕುವ ಯೋಚನೆಯಿದ್ದರೆ ಆ ಎಲ್ಲ ಕಡೆಗೂ ಸಲ್ಲುವ ಸಂಗೀತವನ್ನು ಮೊದಲೇ ಆರಿಸಿಕೊಳ್ಳಬೇಕು.

ಆಗ ಕರ್ತೃಗಳೇ ಕೆಲವು ಷರತ್ತುಗಳ ಮೇಲೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯ ಸಂಗೀತ ಕಣ್ಣಿಗೆ ಬೀಳುತ್ತದೆ. ಉಚಿತ ಎಂಬ ಮಾತಿಗೆ ಮನಸೋಲದೆ ಹೆಸರಿನ ಮುಂದಿರುವ ಅಕ್ಷರಗಳನ್ನು ಓದಿ. BY ಎಂದಷ್ಟೇ ಇದ್ದರೆ ಕರ್ತೃವಿನ ಹೆಸರು, ಪರವಾನಗಿಯ ಕೊಂಡಿ ಕೊಟ್ಟು ಬಳಸಬಹುದು. NC ಇದ್ದರೆ ವ್ಯಾಪಾರಕ್ಕೆ ಇಲ್ಲ. ND ಇದ್ದರೆ ಮಾರ್ಪಾಡು ಕೂಡದು. ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿಯಿದೆ: ನೀವು ಒಂದು ಸ್ವರವನ್ನೂ ಕತ್ತರಿಸದೆ ಇಡೀ ಸಂಗೀತವನ್ನು ಹಾಗೆಯೇ ಬಳಸಿದರೂ, ಚಲಿಸುವ ಚಿತ್ರಕ್ಕೆ ಅದನ್ನು ಹೊಂದಿಸಿದೊಡನೆ ಆ ಪರವಾನಗಿ ಅದನ್ನು ಮಾರ್ಪಾಡು ಎಂದೇ ಎಣಿಸುತ್ತದೆ. ಆದ್ದರಿಂದ ND ಗುರುತಿನ ಸಂಗೀತ ಯಾವ ರೀಲ್‌ಗೂ ಒದಗುವುದಿಲ್ಲ. SA ಇದ್ದರೆ ನಿಮ್ಮ ವಿಡಿಯೊವನ್ನೂ ಅದೇ ಪರವಾನಗಿಯಡಿ ಬಿಟ್ಟುಕೊಡಬೇಕಾಗುತ್ತದೆ. ಬೇರೆಯವರು ಅದನ್ನು ಬಳಸಿಕೊಂಡರೆ ನೀವು ಬೇಡವೆನ್ನುವಂತಿಲ್ಲ.

ಫಾಂಟ್ ವಿಷಯ ಇದಕ್ಕಿಂತ ಸರಳ. ಜಿಪ್ ಕಡತವನ್ನು ಡೌನ್‌ಲೋಡ್ ಮಾಡಿ ಬಿಚ್ಚಿದಾಗ ಫಾಂಟ್ ಜೊತೆಗೆ ಒಂದು ಪುಟ್ಟ ಪಠ್ಯ ಕಡತ ಇರುತ್ತದೆ. ಯಾರೂ ತೆರೆಯದ ಆ ಕಡತವನ್ನು ತೆರೆಯಿರಿ. ಅದರ ಹೆಸರು OFL.txt ಎಂದಿದ್ದರೆ ಅದು ‘ಓಪನ್ ಫಾಂಟ್ ಲೈಸೆನ್ಸ್’. ಜಾಹೀರಾತು, ಚೀಲದ ಮೇಲಿನ ಮುದ್ರಣ, ಎರಡಕ್ಕೂ ಧಾರಾಳವಾಗಿ ಬಳಸಬಹುದು. ಫಾಂಟನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ, ಅಷ್ಟೆ. ಕನ್ನಡದಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ತಿರೊ ಕನ್ನಡ ಇವೆಲ್ಲ ಈ ಪರವಾನಗಿಯಲ್ಲೇ ಸಿಗುತ್ತವೆ. ವೈಯಕ್ತಿಕ ಬಳಕೆಗೆ ಮಾತ್ರ ಉಚಿತ ಎಂದು ಬರೆದಿದ್ದರೆ ಮಾತ್ರ ಅದನ್ನು ಬದಿಗಿಡಿ. ಅಂಥ ಫಾಂಟನ್ನು ಲಾಂಛನಕ್ಕೆ ಹಾಕಿಕೊಂಡು, ಚೀಟಿ, ಡಬ್ಬಿ, ಫಲಕಗಳ ಮೇಲೆಲ್ಲ ಮುದ್ರಿಸಿದ ಮೇಲೆ ಎಚ್ಚೆತ್ತವರ ಪಾಡು ಕಷ್ಟ.

ಚಿತ್ರದ ಬಗ್ಗೆ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಲೇಖನವೊಂದಕ್ಕೆ ಛಾಯಾಚಿತ್ರ ಸಂಗ್ರಹದಿಂದ ಹಣ ಕೊಟ್ಟು ಚಿತ್ರವೊಂದನ್ನು ತಂದಿದ್ದೆವು. ಚಂದಾ ಅಭಿಯಾನ ಬಂದಾಗ ಅದೇ ಚಿತ್ರವನ್ನು ಪೋಸ್ಟರ್‌ಗೂ ಹಾಕಿದೆವು. ಹಣ ಕೊಟ್ಟಿದ್ದೇವಲ್ಲ ಎಂಬ ಧೈರ್ಯ. ಚಿತ್ರದ ವಿವರದಲ್ಲಿ ‘ಸಂಪಾದಕೀಯ ಬಳಕೆಗೆ ಮಾತ್ರ’ ಎಂದು ಮೊದಲಿನಿಂದಲೂ ಇತ್ತು. ಅಂದರೆ ಸುದ್ದಿ, ಲೇಖನಗಳಿಗೆ ಸರಿ, ಪ್ರಚಾರಕ್ಕೆ ಅಲ್ಲ. ಚಿತ್ರದಲ್ಲಿದ್ದ ವ್ಯಕ್ತಿ ತನ್ನ ಮುಖವನ್ನು ಮಾರಾಟಕ್ಕೆ ಬಳಸಲು ಒಪ್ಪಿ ಸಹಿ ಹಾಕಿರಲಿಲ್ಲ. ಛಾಯಾಗ್ರಾಹಕರು ಕೊಡಬಹುದಾದದ್ದು ತಮ್ಮ ಹಕ್ಕನ್ನು, ಇನ್ನೊಬ್ಬರ ಮುಖದ ಒಪ್ಪಿಗೆಯನ್ನಲ್ಲ. ಪೋಸ್ಟರ್‌ಗಳನ್ನು ಹಿಂತೆಗೆದುಕೊಂಡು ಹೊಸದಾಗಿ ಮುದ್ರಿಸಿದೆವು. ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್‌ನಂಥ ಉಚಿತ ಸಂಗ್ರಹಗಳಲ್ಲೂ ಈ ಎಚ್ಚರ ಬೇಕು: ವ್ಯಾಪಾರಕ್ಕೆ ಬಳಸಬಹುದು, ಆದರೆ ಗುರುತು ಸಿಗುವ ವ್ಯಕ್ತಿ ನಿಮ್ಮ ಚೀಲವನ್ನು ಮೆಚ್ಚಿ ಶಿಫಾರಸು ಮಾಡುತ್ತಿದ್ದಾನೆ ಎಂದು ತೋರುವಂತೆ ಹಾಕಬಾರದು. ನೀವು ಮಾರುವುದು ನಿಮ್ಮದೇ ಕೈಯ ಚೀಲವಾದ್ದರಿಂದ ಕಿಟಕಿಯ ಬೆಳಕಿನಲ್ಲಿ ನೀವೇ ತೆಗೆದ ಚಿತ್ರಕ್ಕೆ ಸಾಟಿಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಪರವಾನಗಿ ಇದ್ದರೂ ಒಮ್ಮೊಮ್ಮೆ ಯೂಟ್ಯೂಬ್‌ನ ‘ಕಂಟೆಂಟ್ ಐಡಿ’ ವ್ಯವಸ್ಥೆ ಸ್ವರಗಳ ಹೋಲಿಕೆ ಹಿಡಿದು ತಾನೇ ಹಕ್ಕು ಹೂಡುತ್ತದೆ. ಆಗ ಗಾಬರಿಯಾಗುವ ಅಗತ್ಯವಿಲ್ಲ, ಆಕ್ಷೇಪ ಸಲ್ಲಿಸಬಹುದು. ಕೈಯಲ್ಲಿ ದಾಖಲೆ ಇರಬೇಕು ಅಷ್ಟೆ. ಅದಕ್ಕಾಗಿ ಪ್ರತಿ ಪೋಸ್ಟ್‌ಗೂ ಒಂದು ಫೋಲ್ಡರ್ ಮಾಡಿ, ಡೌನ್‌ಲೋಡ್ ಮಾಡಿದ ಪುಟದ ಕೊಂಡಿ, ದಿನಾಂಕ, ಪರವಾನಗಿ ಕಾಣುವಂತೆ ತೆಗೆದ ಸ್ಕ್ರೀನ್‌ಶಾಟ್, ಹಣ ಕೊಟ್ಟಿದ್ದರೆ ರಸೀದಿ, ಇಷ್ಟನ್ನು ಅದರಲ್ಲಿಡಿ. ಸಂಗ್ರಹಗಳು ಷರತ್ತು ಬದಲಿಸುತ್ತವೆ, ಪುಟಗಳೇ ಅಳಿದುಹೋಗುತ್ತವೆ. ನೀವು ಇಳಿಸಿಕೊಂಡ ದಿನ ಏನು ಬರೆದಿತ್ತು ಎಂದು ತೋರಿಸಲು ಆ ಸ್ಕ್ರೀನ್‌ಶಾಟ್ ಒಂದೇ ಉಳಿಯುತ್ತದೆ.

ಹಳೆಯ ರೀಲ್‌ಗಳಲ್ಲಿ ಸಿನಿಮಾ ಹಾಡಿರುವುದನ್ನೆಲ್ಲ ಈ ವಾರವೇ ತೆಗೆದುಬಿಡಿ. ಫೋನ್‌ನಲ್ಲಿ ಹಾಡು ಸೇರಿಸುವ ಮೊದಲಿನ ಮೂಲ ವಿಡಿಯೊ ಉಳಿದಿದ್ದರೆ ಅದರಿಂದಲೇ ಹೊಸದಾಗಿ ಸಿದ್ಧಪಡಿಸಬಹುದು. ಹೊಲಿಗೆ ಯಂತ್ರದ ಸದ್ದು ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿದ್ದರೆ, ಬೇರೆ ಸಂಗೀತ ಹುಡುಕುವ ಮೊದಲು ಅದನ್ನೇ ಒಮ್ಮೆ ಇಟ್ಟು ನೋಡಿ.