ಮೊಬೈಲ್ ಹೇಳೋದು 1,350, ಎಣ್ಣೆ ಕ್ಯಾನ್ ಹೇಳೋದು ಬೇರೆ

ಪ್ರಶ್ನೆ: ನಮಸ್ತೆ ಮೇಡಂ. ನನಗೆ 43 ವರ್ಷ, ವಿರಾಜಪೇಟೆ ಹತ್ತಿರ ತೋಟದ ಮನೆ. ಬೆಳಿಗ್ಗೆ ಎರಡು ಅಕ್ಕಿ ಒಟ್ಟಿ, ಕುಂಬಳಕಾಯಿ ಕರಿ. ಮಧ್ಯಾಹ್ನ ಎರಡು ಕಪ್ ಅನ್ನ, ಸಾರು, ಪಲ್ಯ. ರಾತ್ರಿ ಐದು ಕಡಂಬುಟ್ಟು, ಕೋಳಿ ಕರಿ. ಭಾನುವಾರ ಆದರೆ ಪಂದಿಕರಿ. ನಡುವೆ ಮೂರು ಸಲ ಬೆಲ್ಲದ ಕಾಫಿ. ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ 1,350 ಕ್ಯಾಲೊರಿ ಬರುತ್ತೆ. ಆದರೂ ತೂಕ ಇಳಿದಿಲ್ಲ. ಈ ಲೆಕ್ಕ ಸರಿಯಿದೆಯಾ ಅಂತ ನಾನೇ ನೋಡೋದು ಹೇಗೆ? ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಮೂರು ಲೀಟರ್ ಎಣ್ಣೆ ಬೇಕು. ಆ್ಯಪ್‌ನಲ್ಲಿ ಒಂದು ಕಡಂಬುಟ್ಟಿಗೆ 40, ಎಣ್ಣೆಗೆ ದಿನಕ್ಕೆ 60 ಹಾಕಿದ್ದೇನೆ. ಕಾಫಿ ಬರೆದಿಲ್ಲ.

ಉತ್ತರ: ಎಣ್ಣೆಯ ವಿಷಯ ನೀವೇ ಬರೆದಿದ್ದು ಒಳ್ಳೆಯದಾಯಿತು, ಅಲ್ಲಿಂದಲೇ ಶುರು ಮಾಡೋಣ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 920 ಗ್ರಾಂ. ಎಣ್ಣೆ ಯಾವುದೇ ಇರಲಿ, ಗ್ರಾಂಗೆ 9 ಕ್ಯಾಲೊರಿ. ಮೂರು ಲೀಟರಿಗೆ 25,000ದ ಹತ್ತಿರ ಆಯಿತು. ನಾಲ್ಕು ಜನಕ್ಕೂ 30 ದಿನಕ್ಕೂ ಹಂಚಿದರೆ ಒಬ್ಬರಿಗೆ ದಿನಕ್ಕೆ ಸುಮಾರು 207. ನೀವು ಬರೆದಿದ್ದು 60. ಕರಿದ ಎಣ್ಣೆ ಸ್ವಲ್ಪ ಚೆಲ್ಲಿರಬಹುದು, ನೆಂಟರು ಬಂದು ಉಂಡಿರಬಹುದು. ಅದನ್ನೆಲ್ಲ ಕಳೆದರೂ ನೂರರ ಮೇಲೆ ಎಲ್ಲೋ ತಪ್ಪಿಹೋಗಿದೆ. ಒಗ್ಗರಣೆಗೆ ಸುಮ್ನೆ ಸುರಿದ ಎಣ್ಣೆಯನ್ನು ಯಾರೂ ಚಮಚದಲ್ಲಿ ಅಳೆಯೋದಿಲ್ಲ, ಅಲ್ವಾ? ಕ್ಯಾನ್ ಮಾತ್ರ ಅಳೆದಿರುತ್ತೆ.

ಕಡಂಬುಟ್ಟು ಇನ್ನೂ ಸುಲಭ. ಮುಂದಿನ ಸಲ ಮಾಡುವಾಗ ಅಕ್ಕಿ ತರಿಯನ್ನು ಒಣಗಿರುವಾಗಲೇ ತೂಗಿ. ಉದಾಹರಣೆಗೆ 500 ಗ್ರಾಂ ತರಿ ಅನ್ನೋಣ. ಒಣ ಅಕ್ಕಿಗೆ 100 ಗ್ರಾಂಗೆ ಸುಮಾರು 356 ಕ್ಯಾಲೊರಿ, ಅಂದರೆ ಒಟ್ಟು 1,780. ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದಾಗ ಸೇರೋದು ನೀರು ಮಾತ್ರ, ಕ್ಯಾಲೊರಿ ಅಲ್ಲ. ಹಾಗಾಗಿ ಬೆಂದ ಉಂಡೆಯನ್ನು ತೂಗುವ ಅಗತ್ಯವೇ ಇಲ್ಲ, ಎಣಿಸಿ ಭಾಗಿಸಿದರೆ ಸಾಕು. ಒಂದೇ ಗಾತ್ರದ 24 ಉಂಡೆ ಬಂದರೆ ಒಂದಕ್ಕೆ 74. ಐದಕ್ಕೆ 370. ಆ್ಯಪ್ ಕೊಟ್ಟಿದ್ದು 200. ಕಾಯಿತುರಿ, ತುಪ್ಪ ಹಾಕಿದ್ದರೆ ಅದನ್ನೂ ಕೂಡಿಸಿಕೊಳ್ಳಿ. ಆ್ಯಪ್‌ನಲ್ಲಿರುವ ಊರಿನ ತಿಂಡಿಗಳ ಅಂಕಿ ಎಷ್ಟೋ ಸಲ ಯಾರೋ ಬಳಕೆದಾರರು ಅಂದಾಜಿನಲ್ಲಿ ತುಂಬಿದ್ದು. ಅವರ ಉಂಡೆ ನಿಂಬೆಹಣ್ಣಿನಷ್ಟಿತ್ತೋ ಏನೋ!

ಅಕ್ಕಿ ಒಟ್ಟಿಗೂ ಇದೇ ದಾರಿ: ಕಲಸೋಕೆ ತೆಗೆದುಕೊಂಡ ಒಣ ಹಿಟ್ಟಿನ ಲೆಕ್ಕ ಹಾಕಿ, ಒಟ್ಟಿಗಳ ಸಂಖ್ಯೆಯಿಂದ ಭಾಗಿಸಿ. ಹಿಟ್ಟಿಗೆ ಸೇರಿಸಿದ ಅನ್ನವನ್ನು ಮರೆಯಬೇಡಿ. ಅನ್ನದ 'ಕಪ್' ಮಾತ್ರ ನಂಬುವ ಹಾಗಿಲ್ಲ. ನಿಮ್ಮ ಕಪ್ಪಿನಲ್ಲಿ ಬಡಿಸಿದ ಅನ್ನವನ್ನು ಒಮ್ಮೆ ತಕ್ಕಡಿಯಲ್ಲಿಡಿ. ಬೆಂದ ಅನ್ನಕ್ಕೆ 100 ಗ್ರಾಂಗೆ ಸುಮಾರು 130. ಆ್ಯಪ್‌ನಲ್ಲಿ 'ಬೆಂದದ್ದು' ಅಂತ ಇರುವುದನ್ನೇ ಆರಿಸಿ. ಗ್ರಾಂ ಬೆಂದ ಅನ್ನದ್ದು, ಅಂಕಿ ಹಸಿ ಅಕ್ಕಿಯದು ಆದರೆ ಲೆಕ್ಕ ಎರಡೂವರೆ ಪಟ್ಟಿಗೂ ಮೇಲೆ ಹಾರುತ್ತೆ.

ಕಾಫಿಗೆ ಹಾಲಿಲ್ಲ ಅಂತ ಬಿಟ್ಟಿರಬೇಕು. ಒಂದು ಲೋಟಕ್ಕೆ 10 ಗ್ರಾಂ ಬೆಲ್ಲ ಹಾಕಿದರೂ 38ರಷ್ಟಾಗುತ್ತೆ, ಮೂರಕ್ಕೆ 115.

ಈಗ ಕೂಡಿಸಿ. ಎಣ್ಣೆಯಲ್ಲಿ ಸುಮಾರು 150, ಕಡಂಬುಟ್ಟಿನಲ್ಲಿ 170, ಕಾಫಿಯಲ್ಲಿ 115. ನಿಮ್ಮ 1,350 ಹೆಚ್ಚುಕಡಿಮೆ 1,780 ಆಯಿತು. ಉಂಡೆಯ ಗಾತ್ರ, ಬೆಲ್ಲದ ತೂಕ ನನ್ನ ಊಹೆ. ನಿಮ್ಮ ಮನೆಯ ಅಂಕಿ ಹಾಕಿ ಮತ್ತೆ ನೋಡಿ.

ಕೋಳಿ ಕರಿಗೆ, ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಳ್ಳಿ. ಹಾಕಿದ ಮಾಂಸ, ಎಣ್ಣೆ, ಕಾಯಿಯ ಕ್ಯಾಲೊರಿ ಕೂಡಿಸಿ. ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ತೂಕ ಕಳೆದರೆ ಕರಿಯ ತೂಕ ಸಿಗುತ್ತೆ. ಅದರಲ್ಲಿ ನಿಮ್ಮ ತಟ್ಟೆಗೆ ಬಂದದ್ದು ಹತ್ತರಲ್ಲೊಂದು ಪಾಲಾದರೆ ಕ್ಯಾಲೊರಿಯೂ ಅಷ್ಟೇ ಪಾಲು. ಪಂದಿಕರಿಗೆ ಈ ಲೆಕ್ಕ ಕೈಕೊಡುತ್ತೆ, ಯಾಕೆಂದರೆ ಕೊಬ್ಬು ಎಲ್ಲರ ತಟ್ಟೆಗೂ ಸಮನಾಗಿ ಹೋಗೋದಿಲ್ಲ. 20 ಗ್ರಾಂ ಬಿಳಿ ಕೊಬ್ಬಿನ ತುಂಡೊಂದೇ 150ರ ಆಸುಪಾಸು. ಅಷ್ಟೇ ತೂಕದ ಕೆಂಪು ಮಾಂಸ ಅದರ ಮೂರನೇ ಒಂದು ಭಾಗವೂ ಆಗೋದಿಲ್ಲ. ಆ ದಿನ ಬಿಳಿ ತುಂಡುಗಳನ್ನು ಬೇರೆ ಎಣಿಸಿ ಬರೆಯಿರಿ. ಹುಳಿಗೆ ಹಾಕುವ ಕಾಚಂಪುಳಿಯನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಇಷ್ಟು ಮಾಡಿದರೂ ನೂರಿನ್ನೂರು ಆಚೀಚೆ ಆಗುತ್ತೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಊಟ ಹೀಗೇ ಇಟ್ಟುಕೊಂಡು ಮೂರು ನಾಲ್ಕು ವಾರ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ, ವಾರದ ಸರಾಸರಿ ಬರೆದಿಡಿ. ಒಂದೊಂದು ದಿನದ ಏರಿಳಿತ ಉಪ್ಪು, ನೀರಿನದು. ಸರಾಸರಿ ಅಲ್ಲೇ ನಿಂತಿದ್ದರೆ, ನೀವು ತಿನ್ನುತ್ತಿರುವುದೂ ದೇಹ ಖರ್ಚು ಮಾಡುತ್ತಿರುವುದೂ ಸಮ ಅಂತ ಅರ್ಥ. ಆಗ ಅದೇ ಲೆಕ್ಕದಿಂದ 300 ಇಳಿಸಿ. ನಾನಾಗಿದ್ದರೆ ಮೊದಲು ಕೈ ಹಾಕೋದು ಎಣ್ಣೆಗೆ, ಕಡಂಬುಟ್ಟಿಗಲ್ಲ.